ಮೆಕ್ಯಾನಿಕಲ್ ಓದಿದವರು ಡೇಟಾ ಕೆಲಸಕ್ಕೆ ಹೋಗೋದು ಆಗೋ ಮಾತಾ? ಆರು ವಾರದಲ್ಲಿ ನೀವೇ ಪರೀಕ್ಷೆ ಮಾಡ್ಕೊಳ್ಳಿ

ಪ್ರಶ್ನೆ: ಸರ್, ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ ಮೂರು ವರ್ಷದಿಂದ ಒಂದು ಫ್ಯಾಕ್ಟರಿಲಿ ಮೇಂಟೆನೆನ್ಸ್ ವಿಭಾಗದಲ್ಲಿದೀನಿ. ಪೈಥಾನ್, ಮಷೀನ್ ಲರ್ನಿಂಗ್ ಅಂತ ಎರಡು ಆನ್‌ಲೈನ್ ಕೋರ್ಸ್ ಮುಗಿಸಿದೀನಿ, ಸರ್ಟಿಫಿಕೇಟೂ ಇದೆ. ಡೇಟಾ ಸೈಂಟಿಸ್ಟ್ ಆಗ್ಬೇಕು ಅಂತ ಆಸೆ. ಕಂಪ್ಯೂಟರ್ ಸೈನ್ಸ್ ಓದದೇ ಇರೋ ನನಗೆ ಇದು ನಿಜವಾಗ್ಲೂ ಆಗೋ ಕೆಲಸಾನಾ, ಇಲ್ಲಾ ಸುಮ್ನೆ ಟೈಮ್ ಹಾಳಾ? ಹೇಗೆ ತಿಳ್ಕೊಳ್ಳೋದು?

ಉತ್ತರ: ಆಗತ್ತೆ, ಆದ್ರೆ ನೀವು ಅಂದ್ಕೊಂಡಿರೋ ಬಾಗಿಲಿಂದ ಅಲ್ಲ. ನಾನೂ ಮೆಕ್ಯಾನಿಕಲ್ ಓದಿ ನಾಲ್ಕು ವರ್ಷ ಮೇಂಟೆನೆನ್ಸ್ ಮಾಡಿ ಆಮೇಲೆ ಈ ಕಡೆ ಬಂದವನು, ಈಗ ಹೊಸಬರನ್ನ ಇಂಟರ್‌ವ್ಯೂ ಮಾಡೋ ಜಾಗದಲ್ಲಿದೀನಿ, ಹಾಗಾಗಿ ಎರಡೂ ಕಡೆಯಿಂದ ನೋಡಿ ಹೇಳ್ತೀನಿ.

ಮೊದಲು "ಡೇಟಾ ಸೈಂಟಿಸ್ಟ್" ಅನ್ನೋ ಹೆಸರನ್ನ ಸ್ವಲ್ಪ ಪಕ್ಕಕ್ಕಿಡಿ. ಒಂದೇ ಹೆಸರಲ್ಲಿ ಬೇರೆ ಬೇರೆ ಕೆಲಸ ನಡೀತಿದೆ. ಡೇಟಾ ಅನಲಿಸ್ಟ್ ಅಂದ್ರೆ ಇರೋ ಡೇಟಾ ತಗೊಂಡು ಯಾರೋ ಕೇಳಿದ ಪ್ರಶ್ನೆಗೆ ಉತ್ತರ ಕೊಡೋರು, ಡೇಟಾ ಇಂಜಿನಿಯರ್ ಅಂದ್ರೆ ಆ ಡೇಟಾ ದಿನಾ ಸರಿಯಾಗಿ ಬಂದು ಸೇರೋ ಹಾಗೆ ಪೈಪ್‌ಲೈನ್ ಕಟ್ಟೋರು, ಸೈಂಟಿಸ್ಟ್ ಅನ್ನೋರು ಮಾಡೆಲ್ ಕಟ್ಟಿ ಮುಂದೇನಾಗಬಹುದು ಅಂತ ಅಂದಾಜು ಮಾಡೋರು. ಮೂರನೇದಕ್ಕೆ ಮೊದಲನೇ ದಿನವೇ ಹೊರಗಿನಿಂದ ಹೊಸಬರನ್ನ ತಗೊಳ್ಳೋದು ಕಮ್ಮಿ, ತಗೊಂಡ್ರೂ ಆ ಸಾಲಲ್ಲಿ ಸ್ಟ್ಯಾಟಿಸ್ಟಿಕ್ಸಲ್ಲಿ ಮಾಸ್ಟರ್ಸ್ ಮಾಡಿದವರು ನಿಮ್ಮ ಮುಂದೆ ನಿಂತಿರ್ತಾರೆ. ಮೊದಲನೇದು, ಅದೂ ಮಷೀನು, ಉತ್ಪಾದನೆ, ಕ್ವಾಲಿಟಿ ಇರೋ ಜಾಗದಲ್ಲಿ ಅನಲಿಸ್ಟ್ ಆಗೋದು, ನಿಮಗೆ ನಿಜವಾಗ್ಲೂ ಹತ್ತಿರ ಇದೆ, ಯಾಕಂದ್ರೆ ಅಲ್ಲಿ ನಿಮ್ಮ ಮೂರು ವರ್ಷ ಲೆಕ್ಕಕ್ಕೆ ಬರತ್ತೆ. ಬೇರೆ ಕ್ಷೇತ್ರಕ್ಕೆ ಹೋದ್ರೆ ಆ ಮೂರು ವರ್ಷ ಹೆಚ್ಚುಕಮ್ಮಿ ಸೊನ್ನೆಯಿಂದ ಶುರು.

ಇನ್ನು ಸರ್ಟಿಫಿಕೇಟ್ ವಿಷಯ. ಕೋರ್ಸಲ್ಲಿ ಕೊಡೋ ಡೇಟಾ ಈಗಾಗ್ಲೇ ಯಾರೋ ತೊಳೆದು ಒರೆಸಿ ಇಟ್ಟಿರೋದು, ಪ್ರಶ್ನೇನೂ ಅವ್ರೇ ಕೇಳಿರ್ತಾರೆ, ಉತ್ತರ ಸರಿ ಇದೆಯಾ ಅಂತಾನೂ ಅವ್ರೇ ಹೇಳ್ತಾರೆ. ಕೆಲಸದಲ್ಲಿ ಈ ಮೂರೂ ನಿಮ್ಮ ತಲೆ ಮೇಲೆ. ಅದಕ್ಕೇ ಮೂರನೇ ಕೋರ್ಸ್ ಸೇರೋಕೆ ಮುಂಚೆ ವಾರಕ್ಕೆ ಎಂಟ್ಹತ್ತು ಗಂಟೆ ಇಟ್ಟು ಆರು ವಾರ ಎರಡು ಕೆಲಸ ಮಾಡಿ ನೋಡಿ. ಒಂದು, ಎಲ್ರಿಗೂ ಉಚಿತವಾಗಿ ಸಿಗೋ ಒಂದು ಡೇಟಾ ಮೇಲೆ. ಇನ್ನೊಂದು, ನಿಮ್ಮದೇ ವಿಭಾಗದ ಲಾಗ್ ಮೇಲೆ (ಮ್ಯಾನೇಜರ್ ಒಪ್ಪಿಗೆ ತಗೊಂಡು, ಆಫೀಸ್ ಕಂಪ್ಯೂಟರಲ್ಲೇ, ಮನೆಗೆ ಕಾಪಿ ಮಾಡ್ಕೊಂಡು ಬರ್ಬೇಡಿ, ಇದು ಬಹಳ ಮುಖ್ಯ).

ಮೊದಲನೇದಕ್ಕೆ ನಾನು ಹೇಳೋದು ಯುಸಿಐ ರೆಪಾಸಿಟರಿ ಅನ್ನೋ ಉಚಿತ ಡೇಟಾ ಸಂಗ್ರಹದಲ್ಲಿರೋ `AI4I 2020 Predictive Maintenance Dataset`. ಮೆಕ್ಯಾನಿಕಲ್ ಓದಿದವರಿಗೆ ಇದಕ್ಕಿಂತ ಒಳ್ಳೆ ಒರೆಗಲ್ಲು ನಾನು ನೋಡಿಲ್ಲ. ಒಟ್ಟು 10,000 ಸಾಲು, ಒಂದೊಂದು ಸಾಲಲ್ಲೂ ಗಾಳಿ ತಾಪಮಾನ, ಪ್ರೋಸೆಸ್ ತಾಪಮಾನ, ತಿರುಗೋ ವೇಗ, ಟಾರ್ಕ್, ಟೂಲ್ ಎಷ್ಟು ನಿಮಿಷ ಸವೆದಿದೆ, ಕೊನೆಗೆ `Machine failure` ಅಂತ 0 ಅಥವಾ 1. ಇದರಲ್ಲಿ 1 ಇರೋದು 339 ಸಾಲಲ್ಲಿ ಮಾತ್ರ. ಇದು ನಿಜವಾದ ಫ್ಯಾಕ್ಟರಿ ಡೇಟಾ ಅಲ್ಲ, ನಿಜದ ಥರ ಇರ್ಲಿ ಅಂತ ಕಂಪ್ಯೂಟರಲ್ಲಿ ತಯಾರು ಮಾಡಿರೋದು. ಅದನ್ನ ಮರೀಬೇಡಿ, ಮುಂದೆ ಮತ್ತೆ ಬರ್ತೀನಿ.

ಕೋರ್ಸ್ ಮುಗಿಸಿದವರು ಇದನ್ನ ತಗೊಂಡು ಏನ್ ಮಾಡ್ತಾರೆ ಅಂದ್ರೆ, ಎಲ್ಲಾ ಕಾಲಮ್ಮನ್ನೂ ರ್‍ಯಾಂಡಮ್ ಫಾರೆಸ್ಟ್‌ಗೆ ಹಾಕಿ ಹತ್ತು ಲೈನಲ್ಲಿ ಮಾಡೆಲ್ ಓಡಿಸ್ತಾರೆ, ಅಕ್ಯುರಸಿ ಹತ್ತತ್ರ ನೂರು ಬರತ್ತೆ, ಖುಷಿಯಾಗಿ ರೆಸ್ಯೂಮೆಗೆ ಹಾಕ್ತಾರೆ. ಆ ನಂಬರ್ ಕಂಡ್ರೆ ಸಾಕು, ಡೇಟಾ ಓದಿಲ್ಲ ಅಂತ ನನಗೆ ಗೊತ್ತಾಗ್ಬಿಡತ್ತೆ. ಯಾಕಂದ್ರೆ ಆ ಫೈಲಲ್ಲಿ `TWF`, `HDF`, `PWF`, `OSF`, `RNF` ಅಂತ ಐದು ಕಾಲಮ್ ಇವೆ, ಅವು ಮಷೀನ್ ಯಾವ ಕಾರಣಕ್ಕೆ ಕೆಟ್ಟಿತು ಅಂತ ಹೇಳೋ ಕಾಲಮ್‌ಗಳು. ಕಾರಣ ಗೊತ್ತಾಗೋದು ಮಷೀನ್ ಕೆಟ್ಟ ಮೇಲೆ ತಾನೇ? ಅದನ್ನೇ ಮಾಡೆಲ್‌ಗೆ ಕೊಟ್ರೆ ಪರೀಕ್ಷೆ ಪೇಪರ್ ಜೊತೆ ಉತ್ತರಾನೂ ಕೊಟ್ಟ ಹಾಗೆ. ನಮ್ಮ ಫೀಲ್ಡಲ್ಲಿ ಇದಕ್ಕೆ ಲೀಕೇಜ್ ಅಂತಾರೆ. ಪ್ರತಿ ಕಾಲಮ್ ಮುಂದೆನೂ ಒಂದೇ ಪ್ರಶ್ನೆ ಕೇಳ್ಕೊಳ್ಳಿ: ನಾನು ನಿರ್ಧಾರ ಮಾಡ್ಬೇಕಾದ ಕ್ಷಣದಲ್ಲಿ ಈ ಮಾಹಿತಿ ನನ್ನ ಕೈಲಿರ್ತಿತ್ತಾ? ಇರ್ತಿರ್ಲಿಲ್ಲ ಅಂದ್ರೆ ತೆಗೀರಿ. ಇದನ್ನ ಯಾರೂ ಹೇಳದೇ ನೀವೇ ಹಿಡಿತಿದ್ರಾ ಅನ್ನೋದು ನಿಮ್ಮ ಮೊದಲನೇ ಪರೀಕ್ಷೆ ಆಗ್ಬೇಕಿತ್ತು, ನಾನು ಹೇಳ್ಬಿಟ್ಟೆ, ಆದ್ರೂ ಇನ್ನೊಂದು ಉಳಿದಿದೆ: ಆ ಐದು ಕಾಲಮ್‌ಗಳನ್ನ `Machine failure` ಜೊತೆ ಹೋಲಿಸಿ ನೋಡಿ, ಎಲ್ಲಾ ಸಾಲಲ್ಲೂ ಒಂದಕ್ಕೊಂದು ತಾಳೆ ಆಗಲ್ಲ. ಎಲ್ಲಿ, ಯಾವ ಥರ ತಪ್ಪತ್ತೆ ಅಂತ ಹುಡುಕಿ ಎರಡು ಸಾಲಲ್ಲಿ ಬರೆದಿಡಿ.

ಆ ಐದು ತೆಗೆದ್ಮೇಲೆ ಆಟ ನಿಜವಾಗ್ಲೂ ಶುರುವಾಗತ್ತೆ, ಮತ್ತೆ ಇಲ್ಲೇ ನಿಮ್ಮ ಡಿಗ್ರಿ ಕೆಲಸಕ್ಕೆ ಬರೋದು. `PWF` ಅಂದ್ರೆ ಪವರ್ ಸಂಬಂಧ ಕೆಡೋದು. ಡೇಟಾ ಮಾಡಿದವರು ಬರೆದಿರೋ ನಿಯಮ ಏನಪ್ಪಾ ಅಂದ್ರೆ ಪವರ್ 3,500 ವ್ಯಾಟ್‌ಗಿಂತ ಕಮ್ಮಿ ಆದ್ರೆ ಅಥವಾ 9,000 ವ್ಯಾಟ್ ದಾಟಿದ್ರೆ ಕೆಡತ್ತೆ, 339ರಲ್ಲಿ 95 ಸಾಲು ಈ ಜಾತಿದು. ಆದ್ರೆ ಫೈಲಲ್ಲಿ ಪವರ್ ಅಂತ ಕಾಲಮ್ಮೇ ಇಲ್ಲ, ಟಾರ್ಕ್ ಬೇರೆ ಇದೆ ಆರ್‌ಪಿಎಂ ಬೇರೆ ಇದೆ. ಎರಡನೇ ಸೆಮಿಸ್ಟರಲ್ಲಿ ಓದಿದ್ದು ನೆನಪಿದೆಯಲ್ವಾ, ಟಾರ್ಕ್ ಗುಣಿಸು ಕೋನೀಯ ವೇಗ. ಒಂದು ಲೈನು:

```python
import math
df["power"] = (df["Torque [Nm]"]
    * df["Rotational speed [rpm]"] * 2 * math.pi / 60)
```

ಈಗ ಲೆಕ್ಕ ಹಾಕಿ ನೋಡಿ. 1,500 ಆರ್‌ಪಿಎಂ, 60 ನ್ಯೂಟನ್ ಮೀಟರ್ ಇದ್ರೆ ಪವರ್ ಸುಮಾರು 9,425 ವ್ಯಾಟ್, ಮಿತಿ ದಾಟಿತು. ಇನ್ನೊಂದು ಸಾಲಲ್ಲಿ ಟಾರ್ಕ್ ಜಾಸ್ತಿ, 65 ನ್ಯೂಟನ್ ಮೀಟರ್, ಆದ್ರೆ ವೇಗ 1,300, ಪವರ್ ಸುಮಾರು 8,850, ಈ ಲೆಕ್ಕದಲ್ಲಿ ಏನೂ ತೊಂದ್ರೆ ಇಲ್ಲ. ಅಂದ್ರೆ ಟಾರ್ಕ್ ಜಾಸ್ತಿ ಇರೋದು ಉಳೀತು, ಕಮ್ಮಿ ಇರೋದು ಕೆಡ್ತು. ಟಾರ್ಕ್ ಒಂದನ್ನೇ ನೋಡೋರಿಗೆ ಇದು ಅರ್ಥನೇ ಆಗಲ್ಲ. ಲಾಜಿಸ್ಟಿಕ್ ರಿಗ್ರೆಷನ್ ಥರದ ಸರಳ ಮಾಡೆಲ್ ಎರಡು ಕಾಲಮ್ಮನ್ನ ಕೂಡಿಸ್ಕೊಂಡು ನೋಡತ್ತೆ ಹೊರತು ತಾನಾಗೇ ಗುಣಿಸಿ ನೋಡಲ್ಲ. ಆಮೇಲೆ ಪವರ್ ಕಾಲಮ್ ಕೊಟ್ರೂ ಆ ಮಾಡೆಲ್ ಎಡವತ್ತೆ, ಯಾಕಂದ್ರೆ ತುಂಬ ಕಮ್ಮಿ ಆದ್ರೂ ಕೆಡತ್ತೆ ತುಂಬ ಜಾಸ್ತಿ ಆದ್ರೂ ಕೆಡತ್ತೆ, ಅದಕ್ಕೆ ಒಂದೇ ದಿಕ್ಕು ಗೊತ್ತು. ಅಲ್ಲಿ ಮರದ ಥರ ಕವಲೊಡೆಯೋ ಡಿಸಿಷನ್ ಟ್ರೀ ಮಾಡೆಲ್ ಬೇಕು, ಇಲ್ಲಾ ಮಿತಿಯೊಳಗಿದೆಯಾ ಹೊರಗಿದೆಯಾ ಅಂತ ನೀವೇ ಇನ್ನೊಂದು ಕಾಲಮ್ ಮಾಡ್ಬೇಕು. ಇದನ್ನ ಮಾಡ್ತಾ ನಿಮಗೆ "ಅಯ್ಯೋ ಇದು ನಂಗೆ ಗೊತ್ತಿರೋದೇ" ಅನ್ಸಿದ್ರೆ ಅದೇ ನಿಮ್ಮ ಬಂಡವಾಳ. ಕೋಡಿಂಗ್ ನಿಮಗಿಂತ ಚೆನ್ನಾಗಿ ಬರೋರಿಗೂ ಆ ಕಾಲಮ್ ಹೊಳೆಯೋದು ಕಷ್ಟ.

ಎಲ್ರೂ ಎಡವೋದು ಇದರ ನಂತರದ ಜಾಗದಲ್ಲಿ. 10,000ದಲ್ಲಿ 2,000 ಸಾಲು ಪರೀಕ್ಷೆಗೆ ಅಂತ ಪಕ್ಕಕ್ಕಿಟ್ರೆ, ಪ್ರಮಾಣ ಕಾಯ್ದುಕೊಂಡು ಹಂಚಿದ್ರೆ, ಅದರಲ್ಲಿ ಕೆಟ್ಟಿರೋದು ಸುಮಾರು 68. ಈಗ ಏನೂ ಮಾಡದೆ "ಯಾವ ಮಷೀನೂ ಕೆಡಲ್ಲ" ಅಂತ ಕಣ್ಮುಚ್ಚಿ ಹೇಳ್ಬಿಡಿ, ಅಕ್ಯುರಸಿ 96.6 ಪರ್ಸೆಂಟ್. ಇನ್ನು ನಿಮ್ಮ ಮಾಡೆಲ್ 68ರಲ್ಲಿ 51 ಹಿಡೀತು, 17 ಬಿಡ್ತು, ಜೊತೆಗೆ ಸರಿ ಇರೋ 30 ಮಷೀನನ್ನ ಕೆಡತ್ತೆ ಅಂತ ಸುಮ್ಸುಮ್ನೆ ಕೂಗ್ತು ಅಂತ ಇಟ್ಕೊಳ್ಳಿ. ಅದರ ಅಕ್ಯುರಸಿ 97.65. ನೋಡಿ, ಏನೂ ಮಾಡದೇ ಇದ್ದಿದ್ದಕ್ಕೂ ಇದಕ್ಕೂ ಬರೀ ಒಂದು ಪರ್ಸೆಂಟ್ ವ್ಯತ್ಯಾಸ, ಆದ್ರೆ ಒಂದು ಒಂದೂ ಹಿಡಿಯಲ್ಲ, ಇನ್ನೊಂದು ನಾಲ್ಕಕ್ಕೆ ಮೂರು ಹಿಡಿಯತ್ತೆ. ಅದಕ್ಕೇ ಇಂಥ ಕಡೆ ಅಕ್ಯುರಸಿ ಬಿಟ್ಟು, ಕೆಟ್ಟಿದ್ದರಲ್ಲಿ ಎಷ್ಟು ಹಿಡಿದ್ರಿ (ರೀಕಾಲ್), ಕೂಗಿದ್ದರಲ್ಲಿ ಎಷ್ಟು ನಿಜ (ಪ್ರಿಸಿಷನ್) ಅನ್ನೋ ಎರಡನ್ನೇ ಹೇಳ್ಬೇಕು.

ಅಷ್ಟಕ್ಕೇ ನಿಲ್ಲಿಸಬೇಡಿ, ಇದನ್ನ ಗಂಟೆಗೆ ತಿರುಗಿಸಿ. ಒಂದು ತಪಾಸಣೆಗೆ 20 ನಿಮಿಷ ಅಂದ್ರೆ 30 ಸುಳ್ಳು ಕೂಗಿಗೆ 10 ಗಂಟೆ ಹೋಯ್ತು. ಒಂದು ಬ್ರೇಕ್‌ಡೌನ್‌ಗೆ 4 ಗಂಟೆ ಅಂತ ಹಿಡಿದ್ರೆ 51 ತಪ್ಪಿಸಿದ್ದಕ್ಕೆ 204 ಗಂಟೆ ಉಳೀತು. ಆದ್ರೆ ಹಿಡಿದ ತಕ್ಷಣ ಪ್ರತಿಯೊಂದನ್ನೂ ತಪ್ಪಿಸೋಕೆ ಆಗತ್ತಾ? ಬೇರಿಂಗ್ ಹೋಗೋದು ಗೊತ್ತಾದ್ರೂ ಸ್ಪೇರ್ ಸ್ಟೋರಲ್ಲಿ ಇಲ್ದೇ ಇದ್ರೆ? ಈ ಪ್ರಶ್ನೆ ನಿಮಗೆ ಸಹಜವಾಗಿ ಬರತ್ತೆ, ಯಾಕಂದ್ರೆ ಅರ್ಧ ರಾತ್ರಿಲಿ ಸ್ಪೇರ್ ಹುಡುಕಿದವರು ನೀವು. ಇಂಟರ್‌ವ್ಯೂಲಿ ಮಾಡೆಲ್ ಹೆಸರಿಗಿಂತ ಈ ಮಾತಿಗೆ ನಾನು ಜಾಸ್ತಿ ಕಿವಿ ಕೊಡ್ತೀನಿ.

ಇಲ್ಲಿವರೆಗೂ ಇಂಜಿನಿಯರ್‌ಗೆ ಅನುಕೂಲ ಆಗಿರೋದು ಹೇಳಿದೆ, ಈಗ ಕೊರತೆ ಹೇಳ್ತೀನಿ. ನಮಗೆ ಕ್ಯಾಲ್ಕುಲಸ್ ಬರತ್ತೆ, ಮ್ಯಾಟ್ರಿಕ್ಸ್ ಬರತ್ತೆ, ಆದ್ರೆ ಸ್ಟ್ಯಾಟಿಸ್ಟಿಕ್ಸ್ ಅಂದ್ರೆ ಪರೀಕ್ಷೆಗೆ ಅಂತ ಫಾರ್ಮುಲಾ ಉರು ಹೊಡೆದಿರ್ತೀವಿ ಅಷ್ಟೇ. ಸೂತ್ರಕ್ಕೆ ಬೆಲೆ ಹಾಕಿದ್ರೆ ಒಂದು ಉತ್ತರ ಬರ್ಬೇಕು ಅನ್ನೋ ಅಭ್ಯಾಸ ಮೂಳೆಗಿಳಿದಿರತ್ತೆ. ಮೇಲಿನ 51 ಬೈ 68, ಅಂದ್ರೆ 75 ಪರ್ಸೆಂಟ್, ಇದು ಎಷ್ಟು ಗಟ್ಟಿ ನಂಬರ್? 68 ಅನ್ನೋದು ಸಣ್ಣ ಸಂಖ್ಯೆ. 0.75 ಗುಣಿಸು 0.25, ಅದನ್ನ 68ರಿಂದ ಭಾಗಿಸಿ ವರ್ಗಮೂಲ ತೆಗೆದ್ರೆ ಸುಮಾರು 0.05. ಅದರ ಎರಡರಷ್ಟು ಆ ಕಡೆ ಈ ಕಡೆ ಬಿಟ್ರೆ ನಿಜವಾದ ಬೆಲೆ 65ರಿಂದ 85ರ ಮಧ್ಯೆ ಎಲ್ಲಾದ್ರೂ ಇರಬಹುದು. ಹಾಗಾದ್ರೆ ಒಂದು ಮಾಡೆಲ್ 75, ಇನ್ನೊಂದು 79 ಬಂತು ಅಂತ ಎರಡನೇದು ಒಳ್ಳೇದು ಅಂತ ಎದೆ ತಟ್ಕೊಂಡು ಹೇಳೋಕಾಗಲ್ಲ. ಟಾಲರೆನ್ಸ್ ಬರೀದೇ ಡ್ರಾಯಿಂಗ್ ಶಾಪ್ ಫ್ಲೋರಿಗೆ ಕಳಿಸ್ತೀರಾ? ಇಲ್ಲ ತಾನೇ, ಇಲ್ಲೂ ಹಾಗೇ, ಪ್ರತಿ ನಂಬರಿಗೂ ಟಾಲರೆನ್ಸ್ ಇದೆ ಅಂತ ನೋಡೋಕೆ ಶುರು ಮಾಡಿದ್ರೆ ಸ್ಟ್ಯಾಟಿಸ್ಟಿಕ್ಸ್ ಅರ್ಧ ಒಳಗೆ ಬಂದ ಹಾಗೆ. ನಿಮ್ಮ ಆರು ವಾರದಲ್ಲಿ ಇದಕ್ಕೆ ಒಂದು ವಾರ ಪೂರ್ತಿ ಕೊಡಿ, ಮಾಡೆಲ್ ಓಡಿಸೋದನ್ನ ಬೇಕಾದ್ರೆ ಕಮ್ಮಿ ಮಾಡಿ.

ಇನ್ನು ಎರಡನೇ ಕೆಲಸ, ನಿಮ್ಮದೇ ಲಾಗ್. ನನ್ನ ಪ್ರಕಾರ ಇದೇ ಜಾಸ್ತಿ ಮುಖ್ಯ, ಯಾಕಂದ್ರೆ ಮೇಲಿನ ಡೇಟಾ ತಯಾರಿಸಿದ್ದು, ಅದರಲ್ಲಿ ಯಾರೂ ಎಂಟ್ರಿ ಹಾಕೋದು ಮರ್ತಿಲ್ಲ, ಶಿಫ್ಟ್ ಬದಲಾಗೋವಾಗ ಒಂದೇ ಸ್ಟಾಪ್ ಎರಡು ಸಲ ಬರೆದಿಲ್ಲ. ನಿಜವಾದ ಕೆಲಸದಲ್ಲಿ ಟೈಮ್ ಹೋಗೋದೇ ಅಲ್ಲಿ. ಮತ್ತೆ ಅನಲಿಸ್ಟ್ ಇಂಟರ್‌ವ್ಯೂಗಳಲ್ಲಿ ಮೊದಲು ಕೂರಿಸಿ ಕೇಳೋದು ಪೈಥಾನ್‌ಗಿಂತ ಎಸ್‌ಕ್ಯೂಎಲ್, ಅಂದ್ರೆ ಡೇಟಾಬೇಸ್ ಟೇಬಲ್‌ಗಳಿಂದ ಬೇಕಾದ್ದನ್ನ ಕೇಳಿ ತೆಗೆಯೋ ಭಾಷೆ, ನಿಮ್ಮ ಪ್ರಶ್ನೆಲಿ ಅದರ ಹೆಸರೇ ಇಲ್ಲ, ಅದು ನನಗೆ ಸ್ವಲ್ಪ ಚಿಂತೆ ತಂತು.

ಒಂದು ಉದಾಹರಣೆ ಕೊಡ್ತೀನಿ, ನಾನೇ ಮಾಡಿದ ತಪ್ಪು. ಈ ಕಡೆ ಬಂದ ಮೊದಲ ವರ್ಷ ಉತ್ಪಾದನೆ ಮತ್ತೆ ಮಷೀನ್ ನಿಂತ ಸಮಯ ಎರಡನ್ನೂ ಸೇರಿಸಿ ರಿಪೋರ್ಟ್ ಕೇಳಿದ್ರು. ಎರಡು ಟೇಬಲ್. ಒಂದರಲ್ಲಿ ಶಿಫ್ಟಿಗೆ ಒಂದು ಸಾಲು, ಎಷ್ಟು ಪೀಸ್ ಆಯ್ತು ಅಂತ. ಇನ್ನೊಂದರಲ್ಲಿ ಮಷೀನ್ ನಿಂತಾಗೆಲ್ಲ ಒಂದೊಂದು ಸಾಲು. ನಾನು ಬರೆದಿದ್ದು ಹೀಗೆ:

```sql
SELECT SUM(p.qty) AS qty, SUM(s.mins) AS mins
FROM production p
JOIN stops s ON s.shift_id = p.shift_id;
```

ನೋಡೋಕೆ ಏನೂ ತಪ್ಪಿಲ್ಲ, ಎರರ್ ಬರಲ್ಲ, ಉತ್ತರ ಬರತ್ತೆ. ಸಣ್ಣ ನಂಬರಲ್ಲಿ ನೋಡಿ. ಮೂರು ಶಿಫ್ಟ್: ಮೊದಲನೇದರಲ್ಲಿ 400 ಪೀಸ್, ಮಷೀನ್ ಮೂರು ಸಲ ನಿಂತಿದೆ. ಎರಡನೇದರಲ್ಲಿ 500, ಒಂದು ಸಲ ನಿಂತಿದೆ. ಮೂರನೇದರಲ್ಲಿ 600, ಒಂದ್ಸಲಾನೂ ನಿಂತಿಲ್ಲ. ನಿಜವಾದ ಮೊತ್ತ 1,500. ಆದ್ರೆ ಜಾಯಿನ್ ಮಾಡಿದಾಗ ಮೊದಲನೇ ಶಿಫ್ಟ್ ಮೂರು ಸಾಲಾಗತ್ತೆ, 400 ಮೂರು ಸಲ ಕೂಡಿ 1,200 ಆಯ್ತು. ಎರಡನೇದು 500 ಸರಿ. ಮೂರನೇದಕ್ಕೆ ಸ್ಟಾಪ್ ಟೇಬಲಲ್ಲಿ ಜೋಡಿ ಇಲ್ಲ, ಹಾಗಾಗಿ ಆ ಶಿಫ್ಟೇ ಮಾಯ. ಒಟ್ಟು 1,700. ಒಂದು ಕಡೆ ಉಬ್ಬಿತು, ಇನ್ನೊಂದು ಕಡೆ ಕಳ್ಕೊಂಡಿತು, ಎರಡೂ ಸೇರಿ ನಂಬೋ ಹಾಗಿರೋ ಸುಳ್ಳು ನಂಬರ್ ಬಂತು. 15,000 ಬಂದಿದ್ರೆ ಯಾರಿಗಾದ್ರೂ ಅನುಮಾನ ಬರ್ತಿತ್ತು, 1,700 ಬಂದ್ರೆ ಯಾರಿಗೂ ಬರಲ್ಲ. ಇನ್ನೂ ಕೆಟ್ಟದ್ದು ಏನಂದ್ರೆ ಇದನ್ನೇ ಶಿಫ್ಟ್ ಶಿಫ್ಟಾಗಿ ಬಿಡಿಸಿ ನೋಡಿದ್ರೆ ಜಾಸ್ತಿ ನಿಂತ ಶಿಫ್ಟ್‌ಗಳೇ ಜಾಸ್ತಿ ಉತ್ಪಾದನೆ ಮಾಡ್ದಂಗೆ ಕಾಣತ್ತೆ, ನಿಲ್ಲದೇ ಓಡಿದ ಶಿಫ್ಟ್ ಲೆಕ್ಕದಲ್ಲೇ ಇಲ್ಲ, ಅಂದ್ರೆ ತೀರ್ಮಾನವೇ ತಲೆಕೆಳಗು. ನನ್ನ ರಿಪೋರ್ಟಲ್ಲಿ ಇದು ಎರಡು ತಿಂಗಳು ಹಾಗೇ ಹೋಯ್ತು, ಕೊನೆಗೆ ಹಿಡಿದಿದ್ದು ಪ್ಲಾಂಟಿನ ಒಬ್ಬ ಹಿರಿಯ ಸೂಪರ್‌ವೈಸರ್, "ಆ ವಾರ ಇಷ್ಟು ಪೀಸ್ ಮಾಡೋಕೆ ನಮ್ಮ ಹತ್ರ ಕಚ್ಚಾ ಸರಕೇ ಇರ್ಲಿಲ್ಲ ಕಣಪ್ಪಾ" ಅಂದ್ರು. ಅವತ್ತಿಂದ ಅವರ ಹತ್ರ ತೋರಿಸದೆ ನಾನು ಯಾವ ನಂಬರನ್ನೂ ಮೇಲಕ್ಕೆ ಕಳಿಸ್ಲಿಲ್ಲ.

ಸರಿ ಮಾಡೋದು ಹೇಗೆ ಅಂದ್ರೆ, ಮೊದಲು ಸ್ಟಾಪ್‌ಗಳನ್ನ ಶಿಫ್ಟಿಗೆ ಒಂದು ಸಾಲು ಬರೋ ಹಾಗೆ ಕೂಡಿಸಿ, ಆಮೇಲೆ ಜೋಡಿಸಿ, ಜೋಡಿ ಇಲ್ಲದ ಶಿಫ್ಟನ್ನೂ ಉಳಿಸ್ಕೊಳ್ಳಿ:

```sql
SELECT p.shift_id, p.qty, COALESCE(s.mins, 0) AS mins
FROM production p
LEFT JOIN (
  SELECT shift_id, SUM(mins) AS mins
  FROM stops GROUP BY shift_id
) s ON s.shift_id = p.shift_id;
```

ಮತ್ತೆ ಅಭ್ಯಾಸ ಮಾಡ್ಕೊಳ್ಳಬೇಕಾದ್ದು ಒಂದೇ. ಜಾಯಿನ್ ಮಾಡೋಕೆ ಮುಂಚೆ ಎಷ್ಟು ಸಾಲಿತ್ತು, ಆದ್ಮೇಲೆ ಎಷ್ಟಾಯ್ತು ಅಂತ ಎಣಿಸಿ. ಮುಂಚೆ ಮೂರು, ಆಮೇಲೂ ಮೂರು ಇರ್ಬೇಕು. ನನ್ನ ತಪ್ಪು ಕ್ವೆರಿಲಿ ನಾಲ್ಕಾಗಿತ್ತು, ಎಣಿಸಿದ್ರೆ ಅವತ್ತೇ ಸಿಕ್ತಿತ್ತು. ಆದ್ರೆ ಎಣಿಕೆ ಒಂದೇ ಸಾಕಾಗಲ್ಲ, ಎರಡು ಹೆಚ್ಚಾಗಿ ಎರಡು ಕಳೆದ್ರೆ ಸಂಖ್ಯೆ ಅಷ್ಟೇ ಉಳಿಯತ್ತೆ, ಹಾಗಾಗಿ ಮೊತ್ತಾನೂ ಮೂಲ ಟೇಬಲ್ ಜೊತೆ ತಾಳೆ ನೋಡಿ.

ನಿಮ್ಮ ಲಾಗಲ್ಲಿ ಇಂಥದ್ದು ಖಂಡಿತ ಸಿಗತ್ತೆ. ಒಂದು ಸಣ್ಣ ಪ್ರಶ್ನೆ ತಗೊಳ್ಳಿ, "ಹೋದ ಆರು ತಿಂಗಳಲ್ಲಿ ಯಾವ ಮಷೀನ್ ಜಾಸ್ತಿ ಹೊತ್ತು ನಿಂತಿತ್ತು" ಅನ್ನೋ ಅಷ್ಟು ಸಣ್ಣದು. ಎರಡು ದಿನದಲ್ಲಿ ಮುಗಿಯತ್ತೆ ಅನ್ಸತ್ತೆ, ಆದ್ರೆ ಕೂತಾಗ ಗೊತ್ತಾಗತ್ತೆ "ನಿಂತಿತ್ತು" ಅಂದ್ರೇನು ಅನ್ನೋದಕ್ಕೇ ಒಮ್ಮತ ಇಲ್ಲ ಅಂತ. ಐದು ನಿಮಿಷಕ್ಕಿಂತ ಕಮ್ಮಿ ನಿಂತಿದ್ದನ್ನ ಒಂದು ಶಿಫ್ಟಿನವರು ಬರೀತಾರೆ, ಇನ್ನೊಂದು ಶಿಫ್ಟಿನವರು ಬರೆಯಲ್ಲ. ಡೈ ಬದಲಾಯಿಸೋ ಹೊತ್ತನ್ನ ಉತ್ಪಾದನೆಯವರು ನಿಂತಿದ್ದು ಅಂತಾರೆ, ಮೇಂಟೆನೆನ್ಸಿನವರು ಅದು ನಮ್ಮ ಲೆಕ್ಕ ಅಲ್ಲ ಅಂತಾರೆ. ಕೊನೆಗೆ ಸರಿಯಾಗಿ ಬರೆಯೋ ಶಿಫ್ಟೇ ಕೆಟ್ಟದ್ದು ಅಂತ ಗ್ರಾಫಲ್ಲಿ ಕಾಣತ್ತೆ, ಪಾಪ. ಇದನ್ನ ಬಿಡಿಸೋಕೆ ಕೋಡ್ ಸಾಲಲ್ಲ, ಎದ್ದು ಹೋಗಿ ಆಪರೇಟರ್ ಹತ್ರ ಕೇಳ್ಬೇಕು, ಎರಡು ವಿಭಾಗದವರನ್ನ ಕೂರಿಸಿ ಒಂದು ವ್ಯಾಖ್ಯಾನಕ್ಕೆ ಒಪ್ಪಿಸ್ಬೇಕು, ಅದನ್ನ ರಿಪೋರ್ಟಿನ ಮೇಲೇ ಬರೀಬೇಕು.

ಈ ಆರು ವಾರ ಆದ್ಮೇಲೆ ನಿಮ್ಮನ್ನ ನೀವು ನೋಡ್ಕೊಳ್ಳೋ ರೀತಿ ಹೇಳ್ತೀನಿ. ಮಾಡೆಲ್ ಎಷ್ಟು ಬಂತು ಅಂತ ನೋಡ್ಬೇಡಿ. ನಿಮ್ಮ ತಪ್ಪನ್ನ ಬೇರೆಯವರು ಹೇಳೋಕೆ ಮುಂಚೆ ನೀವೇ ಎಷ್ಟು ಸಲ ಹಿಡಿದ್ರಿ ಅಂತ ನೋಡಿ, ಅದಕ್ಕೇ ದಿನಾ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ. ಮೊದಲ ವಾರ ಒಂದೂ ಇಲ್ಲದೇ ಇರಬಹುದು, ಪರವಾಗಿಲ್ಲ, ಆದ್ರೆ ಐದು ಆರನೇ ವಾರದಲ್ಲೂ ನಂಬರ್ ಬಂದ ತಕ್ಷಣ ನಂಬಿ ಮುಂದೆ ಹೋಗ್ತಿದೀರ ಅಂದ್ರೆ ಇನ್ನೂ ಟೈಮ್ ಬೇಕು. ಇನ್ನೊಂದು, ಆ ತಾಳೆ ನೋಡೋ ಕೆಲಸ, ಶಿಫ್ಟ್ ಹೆಸರು ಹತ್ತು ಥರ ಬರೆದಿರೋದನ್ನ ಒಂದು ಮಾಡೋ ಕೆಲಸ, ಅದು ನಿಮಗೆ ಹೇಗನ್ಸ್ತು? ಬೇಜಾರಾದ್ರೂ ಎಲ್ಲಿ ತಪ್ಪಿದೆ ಅಂತ ಹುಡುಕೋ ಹಟ ಬಂದಿದ್ರೆ ಈ ಕೆಲಸ ನಿಮಗೆ ಒಗ್ಗತ್ತೆ. "ಇದೆಲ್ಲ ಬೇಗ ಮುಗಿಸಿ ಮಾಡೆಲಿಗೆ ಹೋಗೋಣ" ಅಂತ ಕೊನೇವರೆಗೂ ಅನ್ನಿಸ್ತಾನೇ ಇದ್ರೆ ದಯವಿಟ್ಟು ಅದನ್ನ ಗಂಭೀರವಾಗಿ ತಗೊಳ್ಳಿ, ಯಾಕಂದ್ರೆ ಮೊದಲ ಎರಡು ಮೂರು ವರ್ಷ ದಿನದ ಬಹುಪಾಲು ಇದೇ. ನನ್ನ ಜೊತೆ ಬಂದ ಒಬ್ಬ ಸ್ನೇಹಿತ ಎಂಟು ತಿಂಗಳಿಗೆ ವಾಪಸ್ ಹೋದ, ಅವನಿಗೆ ಕೈಯಲ್ಲಿ ಸ್ಪ್ಯಾನರ್ ಹಿಡಿದು ಮಷೀನ್ ಓಡಿಸಿದಾಗ ಸಿಗೋ ತೃಪ್ತಿ ಸ್ಕ್ರೀನ್ ಮುಂದೆ ಸಿಗ್ಲಿಲ್ಲ, ಈಗ ಅವನು ತುಂಬ ಒಳ್ಳೆ ಮೇಂಟೆನೆನ್ಸ್ ಮ್ಯಾನೇಜರ್. ಅವನು ಸೋತ ಅಂತ ನಾನು ಯಾವತ್ತೂ ಅಂದ್ಕೊಂಡಿಲ್ಲ.

ಎರಡೂ ಕೆಲಸ ನಿಮ್ಮ ಕೈಲಿ ಆಯ್ತು ಅಂತಾದ್ರೆ, ರಾಜೀನಾಮೆ ಕೊಡ್ಬೇಡಿ. ಮೊದಲು ನಿಮ್ಮ ಕಂಪನಿ ಒಳಗೇ ನೋಡಿ. ಪ್ಲಾಂಟಲ್ಲಿ ಉತ್ಪಾದನೆ ರಿಪೋರ್ಟ್ ಯಾರು ಮಾಡ್ತಾರೆ, ರಿಲಯಬಿಲಿಟಿ ಅಥವಾ ಪ್ರೋಸೆಸ್ ಸುಧಾರಣೆ ನೋಡ್ಕೊಳ್ಳೋ ಟೀಮ್ ಇದೆಯಾ, ಅವರಿಗೆ ಎಸ್‌ಕ್ಯೂಎಲ್ ಗೊತ್ತಿರೋ ಮೇಂಟೆನೆನ್ಸ್ ಮನುಷ್ಯ ಸಿಕ್ರೆ ಎಷ್ಟು ಉಪಯೋಗ ಅಂತ ಹೋಗಿ ಮಾತಾಡಿ, ಆ ಸ್ಟಾಪ್ ರಿಪೋರ್ಟ್ ತೋರಿಸಿ. ಹೊರಗೆ ಹುಡುಕೋವಾಗ್ಲೂ ಮಷೀನ್ ಮಾಡೋ ಕಂಪನಿ, ಸೆನ್ಸರ್ ಡೇಟಾ ಇಟ್ಕೊಂಡಿರೋ ಕಂಪನಿ, ವಿದ್ಯುತ್, ಸಾಗಣೆ, ಇಂಥ ಕಡೆ ಅನಲಿಸ್ಟ್ ಹುದ್ದೆಗೆ ಹಾಕಿ. ಹೆಸರಲ್ಲಿ ಸೈಂಟಿಸ್ಟ್ ಇಲ್ಲ ಅಂತ ಬಿಡ್ಬೇಡಿ, ಮೊದಲ ಹುದ್ದೆ ಈಗಿರೋದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಇರಬಹುದು, ಅದಕ್ಕೆ ಮನೆಯವರನ್ನೂ ಮೊದಲೇ ಒಪ್ಪಿಸ್ಕೊಳ್ಳಿ. ರೆಸ್ಯೂಮೆಲಿ "ಮಷೀನ್ ಲರ್ನಿಂಗ್ ಗೊತ್ತು" ಅಂತ ಬರೆಯೋದಕ್ಕಿಂತ ಆ 339ರ ಕಥೆ, ಲೀಕೇಜ್ ಹೇಗೆ ತೆಗೆದ್ರಿ, ಪವರ್ ಕಾಲಮ್ ಯಾಕೆ ಬೇಕಾಯ್ತು, ಎಷ್ಟು ಹಿಡೀತು ಎಷ್ಟು ಬಿಡ್ತು, ಆ ನಂಬರಿನ ಟಾಲರೆನ್ಸ್ ಎಷ್ಟು ಅಂತ ನಾಲ್ಕು ಸಾಲು ಬರೀರಿ, ಡೇಟಾ ತಯಾರಿಸಿದ್ದು ಅಂತಾನೂ ಅಲ್ಲೇ ಹೇಳಿ.

ಒಂದು ಮಿತಿನೂ ಹೇಳ್ಬಿಡ್ತೀನಿ. ನಿಮ್ಮ ಆಸೆ ಹೊಸ ಮಾಡೆಲ್‌ಗಳನ್ನೇ ಕಂಡುಹಿಡಿಯೋ ಸಂಶೋಧನೆ ಕಡೆ ಇದ್ರೆ ನಾನು ಹೇಳಿದ ದಾರಿ ಅಲ್ಲಿಗೆ ಹೋಗಲ್ಲ, ಅದಕ್ಕೆ ಗಣಿತ ಅಥವಾ ಸ್ಟ್ಯಾಟಿಸ್ಟಿಕ್ಸಲ್ಲಿ ಮತ್ತೆ ಕೂತು ಓದ್ಬೇಕಾಗತ್ತೆ, ಆರು ವಾರ ಅಲ್ಲ, ವರ್ಷಗಟ್ಟಲೆ. ನಿಮ್ಮ ಪ್ರಶ್ನೆ ಓದಿದ್ರೆ ಅದು ನಿಮ್ಮ ಮನಸ್ಸಲ್ಲಿ ಇರೋ ಹಾಗೆ ಅನ್ನಿಸ್ಲಿಲ್ಲ.

ಈ ಶನಿವಾರ ಕೂತು ಆ ಫೈಲ್ ಇಳಿಸ್ಕೊಂಡು ಮಾಡೆಲ್ ಮುಟ್ಟದೇ ಬರೀ ಎಣಿಸಿ: ಎಷ್ಟು ಸಾಲು, ಎಷ್ಟು ಕೆಟ್ಟಿದೆ, ಆ ಐದು ಕಾರಣದ ಕಾಲಮ್ ಎಲ್ಲಿ ತಾಳೆ ತಪ್ಪತ್ತೆ. ಸಿಕ್ಕಿದ್ದನ್ನ ಬರೆದು ಕಳಿಸಿ, ನಾನು ನೋಡ್ತೀನಿ.